ಯೋಚನೆಯ ಬಲದಿಂದಲೇ ದೇವರನ್ನು ಸಾಧಿಸಬಹುದೇ? ಇಪ್ಪತ್ತು ಅಂಕದ ಒಂದು ಉತ್ತರ

1894ರ ಒಂದು ದಿನ, ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಬರ್ಟ್ರಂಡ್ ರಸೆಲ್ ತಂಬಾಕಿನ ಡಬ್ಬಿಯೊಂದನ್ನು ಕೊಂಡು ಟ್ರಿನಿಟಿ ಲೇನ್‌ನಲ್ಲಿ ನಡೆದು ಬರುತ್ತಿದ್ದ. ಇದ್ದಕ್ಕಿದ್ದಂತೆ ಡಬ್ಬಿಯನ್ನು ಮೇಲಕ್ಕೆಸೆದು ಹಿಡಿದ. ದೇವರಿದ್ದಾನೆಂದು ಬರಿಯ ತರ್ಕದಿಂದ ಸಾಧಿಸುವ ಹಳೆಯ ವಾದವೊಂದು ಸರಿಯಾಗಿಯೇ ಇದೆಯೆಂದು ಅವನಿಗೆ ಆ ಕ್ಷಣ ಅನ್ನಿಸಿತ್ತು. ಮುಂದೆ ಅವನು ಅದನ್ನು ಕೈಬಿಟ್ಟ. ಆದರೂ ತನ್ನ ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸದಲ್ಲಿ, ಈ ವಾದದಲ್ಲಿ ತಪ್ಪಿದೆ ಎಂದು ನಂಬುವುದು ಸುಲಭ, ತಪ್ಪು ಎಲ್ಲಿದೆ ಎಂದು ತೋರಿಸುವುದು ಕಷ್ಟ ಎಂದು ಒಪ್ಪಿಕೊಂಡ.

ಪರೀಕ್ಷೆ ಬರೆಯುವವರು ಸೋಲುವುದೂ ಅಲ್ಲಿಯೇ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು, ಕನ್ನಡದಲ್ಲಿ ಬರೆಯುವವರೂ ಸೇರಿದಂತೆ, ಎರಡನೆಯ ಪತ್ರಿಕೆಗಾಗಿ ದೇವರ ಅಸ್ತಿತ್ವದ ಪ್ರಮಾಣಗಳನ್ನೂ ಅವುಗಳ ವಿಮರ್ಶೆಯನ್ನೂ ಓದಬೇಕು. ‘ಸತ್ತಾಮೂಲಕ ವಾದವನ್ನು ವಿವರಿಸಿ, ವಿಮರ್ಶಿಸಿ’ ಎಂಬ ಪ್ರಶ್ನೆ ಎದುರಾಯಿತೆನ್ನಿ. ಅನ್ಸೆಲ್ಮ್ ಹೀಗೆಂದ, ಗೌನಿಲೋ ಹಾಗೆಂದ, ಕಾಂಟ್ ಅಲ್ಲವೆಂದ ಎಂದು ಹೆಸರುಗಳನ್ನು ಸಾಲಾಗಿ ಜೋಡಿಸಿದರೆ ಅದು ವರದಿಯಾದೀತು, ವಿಮರ್ಶೆಯಾಗದು. ಯಾವ ಆಕ್ಷೇಪ ವಾದದ ಯಾವ ಮೆಟ್ಟಿಲಿಗೆ ತಗಲುತ್ತದೆ ಎಂದು ತೋರಿಸಿದ ಉತ್ತರಕ್ಕೇ ತೂಕ. ಅಂಥ ಉತ್ತರ ಹೇಗಿರಬಹುದು?

ಮೊದಲು ವಾದವನ್ನೇ ಸರಿಯಾಗಿ ಹೇಳಬೇಕು. ಅದನ್ನು ಕಟ್ಟಿದವನು ಅನ್ಸೆಲ್ಮ್ (1033–1109). ಇಟಲಿಯ ಆವೋಸ್ತಾದಲ್ಲಿ ಹುಟ್ಟಿ, ನಾರ್ಮಂಡಿಯ ಬೆಕ್ ಮಠದಲ್ಲಿ ಸನ್ಯಾಸಿಯಾಗಿ, ಕೊನೆಗೆ ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದವನು. ಬೆಕ್‌ನಲ್ಲಿದ್ದಾಗ, 1077–78ರ ಸುಮಾರಿಗೆ, ‘ಪ್ರೊಸ್ಲೋಗಿಯನ್’ ಎಂಬ ಪುಟ್ಟ ಗ್ರಂಥ ಬರೆದ. ಬೇರೆ ಯಾವ ಆಧಾರವೂ ಬೇಡದ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಒಂದೇ ಒಂದು ವಾದಕ್ಕಾಗಿ ಅವನು ಊಟ ನಿದ್ದೆ ಬಿಟ್ಟು ಹುಡುಕಿದನೆಂದೂ, ರಾತ್ರಿಯ ಪ್ರಾರ್ಥನೆಯ ಹೊತ್ತಿನಲ್ಲಿ ಅದು ಹೊಳೆಯಿತೆಂದೂ ಅವನ ಚರಿತ್ರೆ ಬರೆದ ಶಿಷ್ಯ ಈಡ್ಮರ್ ಹೇಳುತ್ತಾನೆ.

ಹೊಳೆದ ವಾದ ನಾಲ್ಕು ಮೆಟ್ಟಿಲಿನದು. ಒಂದು: ದೇವರೆಂದರೆ, ಅದಕ್ಕಿಂತ ದೊಡ್ಡದನ್ನು ಯೋಚಿಸಲು ಸಾಧ್ಯವಿಲ್ಲದ್ದು. ಎರಡು: ದೇವರಿಲ್ಲ ಎನ್ನುವವನೂ ಈ ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಾನೆ, ಅಂದಮೇಲೆ ಅದು ಅವನ ಬುದ್ಧಿಯಲ್ಲಾದರೂ ಇದೆ. ಬರೆಯುವ ಮೊದಲೇ ಚಿತ್ರ ಕಲಾವಿದನ ಮನಸ್ಸಿನಲ್ಲಿರುತ್ತದೆಯಲ್ಲ, ಹಾಗೆ ಎಂದು ಅನ್ಸೆಲ್ಮ್ ಉದಾಹರಣೆ ಕೊಡುತ್ತಾನೆ. ಮೂರು: ಬುದ್ಧಿಯಲ್ಲಿ ಮಾತ್ರ ಇರುವುದಕ್ಕಿಂತ ವಾಸ್ತವದಲ್ಲೂ ಇರುವುದು ದೊಡ್ಡದು. ನಾಲ್ಕು: ದೇವರು ಬುದ್ಧಿಯಲ್ಲಿ ಮಾತ್ರ ಇದ್ದರೆ, ವಾಸ್ತವದಲ್ಲೂ ಇರುವ ಅವನನ್ನು, ಅಂದರೆ ಇನ್ನೂ ದೊಡ್ಡದನ್ನು, ಯೋಚಿಸಬಹುದು. ಆಗ ‘ದೊಡ್ಡದನ್ನು ಯೋಚಿಸಲಾಗದ್ದು’ ಎನ್ನುವುದಕ್ಕಿಂತಲೂ ದೊಡ್ಡದನ್ನು ಯೋಚಿಸಿದಂತಾಯಿತು. ಇದು ವಿರೋಧ. ಆದ್ದರಿಂದ ದೇವರು ವಾಸ್ತವದಲ್ಲೂ ಇದ್ದಾನೆ.

ಈ ವಾದ ಕಣ್ಣಿಗೆ ಕಾಣುವ ಲೋಕದ ಒಂದು ಸಂಗತಿಯನ್ನೂ ಆಶ್ರಯಿಸಿಲ್ಲ ಎಂಬುದನ್ನು ಉತ್ತರದಲ್ಲಿ ಬರೆಯಲೇಬೇಕು. ಹತ್ತನೆಯ ಶತಮಾನದ ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನನ್ನು ಸಾಧಿಸುವಾಗ, ಜಗತ್ತು ಒಂದು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು ಎಂಬಲ್ಲಿಂದ ಹೊರಡುತ್ತಾನೆ. ಭಾರತೀಯ ಪ್ರಮಾಣ ಎಂಬ ಕಾರಣಕ್ಕೆ ಅದನ್ನು ಇಲ್ಲಿಗೆ ತಂದು ಸೇರಿಸುವುದು ಸಾಮಾನ್ಯ ತಪ್ಪು. ಅದರ ಜಾಗ ಕಾರಣಮೂಲಕ ವಾದದ ಪಕ್ಕದಲ್ಲಿ.

ಇನ್ನು ಆಕ್ಷೇಪ. ಮೊದಲನೆಯದು ನಾಸ್ತಿಕನಿಂದ ಬರಲಿಲ್ಲ, ಫ್ರಾನ್ಸಿನ ತೂರ್ ಊರಿನ ಬಳಿಯ ಮಾರ್ಮೂತಿಯೆ ಮಠದ ಸನ್ಯಾಸಿ ಗೌನಿಲೋನಿಂದ ಬಂತು. ಬೈಬಲ್ಲಿನ ಕೀರ್ತನೆಯೊಂದರಲ್ಲಿ ದೇವರಿಲ್ಲವೆಂದು ತನ್ನೊಳಗೇ ಹೇಳಿಕೊಳ್ಳುವ ಮೂಢನೊಬ್ಬ ಬರುತ್ತಾನೆ. ಅನ್ಸೆಲ್ಮ್ ವಾದ ಹೂಡಿದ್ದು ಅವನ ವಿರುದ್ಧ. ಗೌನಿಲೋ ಆ ಮೂಢನ ಪರ ವಕಾಲತ್ತು ವಹಿಸಿದ. ಸಾಗರದಲ್ಲೆಲ್ಲೋ ಕಳೆದುಹೋದ ಒಂದು ದ್ವೀಪವಿದೆ, ಅದಕ್ಕಿಂತ ಶ್ರೇಷ್ಠ ದ್ವೀಪವಿಲ್ಲ ಎಂದು ಯಾರೋ ವರ್ಣಿಸುತ್ತಾರೆ ಎಂದುಕೊಳ್ಳಿ. ಕೇಳಿದವನಿಗೆ ಮಾತು ಅರ್ಥವಾಗುತ್ತದೆ, ದ್ವೀಪ ಅವನ ಬುದ್ಧಿಯಲ್ಲಿದೆ. ವಾಸ್ತವದಲ್ಲಿ ಇರದಿದ್ದರೆ, ನಿಜವಾಗಿ ಇರುವ ಯಾವುದೇ ಸಾಧಾರಣ ದ್ವೀಪವೂ ಅದಕ್ಕಿಂತ ಶ್ರೇಷ್ಠವಾಗುತ್ತದೆ. ಆದ್ದರಿಂದ ಆ ದ್ವೀಪ ಇರಲೇಬೇಕು! ಹೀಗೆ ಸಾಧಿಸಹೊರಟವನು ತಮಾಷೆ ಮಾಡುತ್ತಿದ್ದಾನೆಂದೇ ಯಾರಾದರೂ ತಿಳಿಯುತ್ತಾರೆ ಎಂದ ಗೌನಿಲೋ.

ಅನ್ಸೆಲ್ಮ್ ಸಿಟ್ಟಾಗಲಿಲ್ಲ. ಈ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಗ್ರಂಥದ ಜೊತೆಗೇ ಪ್ರತಿ ಮಾಡಿಸಬೇಕೆಂದು ಹೇಳಿದ. ಅವನ ಉತ್ತರದ ಸಾರ ಇಷ್ಟು: ತನ್ನ ವಾದ ನಡೆಯುವುದು ‘ಅದಕ್ಕಿಂತ ದೊಡ್ಡದನ್ನು ಯೋಚಿಸಲಾಗದ’ ಒಂದೇ ವಸ್ತುವಿನ ವಿಷಯದಲ್ಲಿ. ದ್ವೀಪಕ್ಕೆ ಆದಿಯಿದೆ, ಭಾಗಗಳಿವೆ. ಅದು ಇಲ್ಲವೆಂದು ಯೋಚಿಸುವುದಕ್ಕೆ ಏನೂ ಅಡ್ಡಿಯಿಲ್ಲ. ಈ ಮಾತಿಗೆ ಈಗಿನ ಸಮರ್ಥಕರು ಇನ್ನೊಂದನ್ನು ಸೇರಿಸುತ್ತಾರೆ. ದ್ವೀಪದ ಶ್ರೇಷ್ಠತೆಗೆ ಮೇಲಿನ ಮಿತಿಯೇ ಇಲ್ಲ. ಎಷ್ಟು ತೆಂಗಿನ ಮರ ಇದ್ದರೂ ಇನ್ನೊಂದನ್ನು ನೆಡಬಹುದು.

ಗೌನಿಲೋ ಗೆದ್ದನೇ? ಅರ್ಧ. ಇದೇ ಅಚ್ಚಿನಲ್ಲಿ ಒಪ್ಪಲಾಗದ ತೀರ್ಮಾನವೂ ಎರಕವಾಗುತ್ತದೆ ಎಂದು ತೋರಿಸಿ, ಎಲ್ಲೋ ದೋಷವಿರಬೇಕೆಂಬ ಅನುಮಾನವನ್ನು ಅವನು ಗಟ್ಟಿ ಮಾಡಿದ. ಆದರೆ ದೋಷ ನಾಲ್ಕರಲ್ಲಿ ಯಾವ ಮೆಟ್ಟಿಲಿನದು ಎಂದು ದ್ವೀಪ ಹೇಳುವುದಿಲ್ಲ.

ಅದನ್ನು ಹೇಳಲು ಏಳು ಶತಮಾನ ಹಿಡಿಯಿತು. ನಡುವೆ 1641ರಲ್ಲಿ ದೆಕಾರ್ತ್ ವಾದಕ್ಕೆ ಚುಟುಕು ರೂಪ ಕೊಟ್ಟಿದ್ದ. ತ್ರಿಭುಜವೆಂದ ಮೇಲೆ ಅದರ ಕೋನಗಳ ಮೊತ್ತ ಎರಡು ಲಂಬಕೋನ. ಹಾಗೆಯೇ ಸಕಲ ಪೂರ್ಣತೆಗಳುಳ್ಳ ವಸ್ತುವೆಂದ ಮೇಲೆ ಅಸ್ತಿತ್ವವೂ ಅದರಲ್ಲಿ ಸೇರಿದೆ, ಏಕೆಂದರೆ ಅಸ್ತಿತ್ವ ಒಂದು ಪೂರ್ಣತೆ. ಇಮ್ಮಾನ್ಯುಯೆಲ್ ಕಾಂಟ್ 1781ರ ‘ಶುದ್ಧ ಬುದ್ಧಿಯ ವಿಮರ್ಶೆ’ಯಲ್ಲಿ ಈ ರೂಪಕ್ಕೆ ಎರಡು ಕಡೆಯಿಂದ ಪೆಟ್ಟು ಕೊಟ್ಟ.

ಮೊದಲ ಪೆಟ್ಟು ತ್ರಿಭುಜದ ಮೇಲೆ. ತ್ರಿಭುಜವಿದೆ, ಮೂರು ಕೋನಗಳಿಲ್ಲ ಎಂದರೆ ವಿರೋಧ. ಆದರೆ ತ್ರಿಭುಜವನ್ನೂ ಕೋನಗಳನ್ನೂ ಒಟ್ಟಿಗೇ ನಿರಾಕರಿಸಿದರೆ ಯಾವ ವಿರೋಧವೂ ಇಲ್ಲ. ದೇವರನ್ನು ಅವನ ಸಕಲ ಗುಣಗಳ ಸಮೇತ ನಿರಾಕರಿಸುವವನೂ ಹಾಗೆಯೇ ತನ್ನ ಮಾತಿಗೆ ತಾನು ವಿರೋಧವಾಗುವುದಿಲ್ಲ.

ಎರಡನೆಯದು ಇನ್ನೂ ಆಳದ್ದು. ನೂರು ಥಾಲರ್ ನಾಣ್ಯಗಳನ್ನು ಕಲ್ಪಿಸಿಕೊಳ್ಳಿ: ಲೋಹ, ತೂಕ, ಅಚ್ಚು, ಎಣಿಕೆ ಎಲ್ಲವನ್ನೂ ವರ್ಣಿಸಿ. ಈಗ ‘ಅವು ಇವೆ’ ಎಂದು ಸೇರಿಸಿ. ವರ್ಣನೆಗೆ ಏನು ಕೂಡಿತು? ಒಂದು ನಾಣ್ಯವೂ ಕೂಡಲಿಲ್ಲ. ಕೂಡಿದ್ದರೆ ಕಲ್ಪಿಸಿದ್ದು ನೂರು, ಇರುವುದು ಬೇರೆ ಮೊತ್ತ ಎಂದಾಗುತ್ತಿತ್ತು. ಕಿಸೆಯ ಸ್ಥಿತಿ ಬೇರೆಯಾಗುತ್ತದೆ ಎಂಬುದನ್ನು ಕಾಂಟ್ ಅಲ್ಲಗಳೆಯುವುದಿಲ್ಲ. ನಾಣ್ಯದ ಪರಿಕಲ್ಪನೆ ಬದಲಾಗುವುದಿಲ್ಲ ಎನ್ನುತ್ತಾನೆ. ‘ಇದೆ’ ಎಂಬುದು ವಸ್ತುವಿನ ಗುಣಗಳ ಪಟ್ಟಿಗೆ ಸೇರುವ ಇನ್ನೊಂದು ಗುಣವಲ್ಲ, ಆ ಪಟ್ಟಿಗೆ ಹೊಂದುವ ವಸ್ತುವೊಂದು ಲೋಕದಲ್ಲಿದೆ ಎಂಬ ಹೇಳಿಕೆ. ಹಾಗಾಗಿ ಅಸ್ತಿತ್ವವನ್ನು ಪೂರ್ಣತೆಗಳಲ್ಲಿ ಒಂದೆಂದು ಎಣಿಸುವ ದೆಕಾರ್ತ್‌ನ ಮೆಟ್ಟಿಲು ನೇರವಾಗಿ ಕುಸಿಯುತ್ತದೆ. ಅನ್ಸೆಲ್ಮ್‌ನ ಮೂರನೆಯ ಮೆಟ್ಟಿಲೂ ಅಲುಗಾಡುತ್ತದೆ.

ಹೆಚ್ಚಿನ ಉತ್ತರಗಳು ಇಲ್ಲಿಗೇ ಮುಗಿಯುತ್ತವೆ. ಅಂಕ ಕಳೆಯುವುದು ಇಲ್ಲಿಯೇ. ‘ಪ್ರೊಸ್ಲೋಗಿಯನ್’ನ ಮೂರನೆಯ ಅಧ್ಯಾಯದಲ್ಲಿ ಅನ್ಸೆಲ್ಮ್ ಇನ್ನೊಂದು ಮಾತು ಹೇಳುತ್ತಾನೆ: ಇಲ್ಲವೆಂದು ಯೋಚಿಸಲೂ ಆಗದ್ದು, ಇಲ್ಲವೆಂದು ಯೋಚಿಸಬಹುದಾದುದಕ್ಕಿಂತ ದೊಡ್ಡದು. ಅಮೆರಿಕದ ನಾರ್ಮನ್ ಮಾಲ್ಕಮ್ 1960ರಲ್ಲಿ ಇದನ್ನು ಬೇರೆಯೇ ವಾದವೆಂದು ಎತ್ತಿ ತೋರಿಸಿದ. ಬರಿಯ ಅಸ್ತಿತ್ವ ಗುಣವಲ್ಲದಿರಬಹುದು. ಆದರೆ ‘ಇರದೇ ಇರಲಾಗದಂತೆ ಇರುವುದು’ ವಸ್ತುಗಳನ್ನು ಬೇರ್ಪಡಿಸುತ್ತದೆ. ಬೆಟ್ಟ, ಮನುಷ್ಯ, ನಾಣ್ಯ ಯಾವುದಕ್ಕೂ ಆ ಲಕ್ಷಣವಿಲ್ಲ. ನೂರು ಥಾಲರ್‌ಗಳ ಆಕ್ಷೇಪ ಇದಕ್ಕೆ ಅಷ್ಟು ಸಲೀಸಾಗಿ ತಗಲುವುದಿಲ್ಲ.

ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಈ ಎಳೆಯನ್ನು ‘ಸಾಧ್ಯ ಲೋಕ’ಗಳ ಭಾಷೆಯಲ್ಲಿ ಬಿಗಿ ಮಾಡಿದ. ಸಂಗತಿಗಳು ಈಗಿರುವುದಕ್ಕಿಂತ ಬೇರೆಯಾಗಿ ಇರಬಹುದಾಗಿದ್ದ ಪ್ರತಿಯೊಂದು ಸಮಗ್ರ ರೀತಿಯೂ ಒಂದು ಸಾಧ್ಯ ಲೋಕ. ಪರಮ ಶ್ರೇಷ್ಠ ವಸ್ತುವೆಂದರೆ ಎಲ್ಲ ಸಾಧ್ಯ ಲೋಕಗಳಲ್ಲೂ ಸರ್ವಜ್ಞ, ಸರ್ವಶಕ್ತ, ಪರಿಪೂರ್ಣ ಒಳ್ಳೆಯದು ಆಗಿರುವುದು. ಅಂಥದ್ದು ಇರುವುದು ಸಾಧ್ಯ ಎಂದು ಒಪ್ಪಿದರೆ, ಅದು ಒಂದಾದರೂ ಸಾಧ್ಯ ಲೋಕದಲ್ಲಿದೆ. ಒಂದರಲ್ಲಿದ್ದರೆ, ವ್ಯಾಖ್ಯೆಯ ಪ್ರಕಾರ, ಎಲ್ಲದರಲ್ಲೂ ಇದೆ. ಎಲ್ಲದರಲ್ಲಿ ನಮ್ಮ ಲೋಕವೂ ಒಂದು.

ತರ್ಕದ ಜೋಡಣೆಯಲ್ಲಿ ಬಿರುಕು ಕಾಣುವುದಿಲ್ಲ. ತೂಕವೆಲ್ಲ ಬಿದ್ದಿರುವುದು ‘ಸಾಧ್ಯ’ ಎಂಬ ಮೊದಲ ಒಪ್ಪಿಗೆಯ ಮೇಲೆ. ಅದನ್ನೇ ತಿರುಗಿಸಿ ನೋಡಿ: ಪರಮ ಶ್ರೇಷ್ಠ ವಸ್ತು ಇರದಿರುವುದೂ ಸಾಧ್ಯ ಎಂದು ಒಪ್ಪಿದರೆ, ಅದು ಇಲ್ಲದ ಒಂದು ಸಾಧ್ಯ ಲೋಕವಿದೆ. ಒಂದರಲ್ಲಿ ಇಲ್ಲದ್ದು ‘ಎಲ್ಲ ಲೋಕಗಳಲ್ಲೂ ಇರುವುದು’ ಆಗಲಾರದು. ಆಗ ಅದು ಯಾವ ಲೋಕದಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ. ಎರಡು ವಾದಗಳ ಆಕಾರ ಒಂದೇ, ತೀರ್ಮಾನ ತದ್ವಿರುದ್ಧ. ಯಾವ ‘ಸಾಧ್ಯ’ವನ್ನು ಒಪ್ಪಬೇಕೆಂದು ವಾದದ ಒಳಗಿನಿಂದ ತಿಳಿಯುವುದಿಲ್ಲ. ಕೇಳಲು ಎರಡೂ ನಿರುಪದ್ರವಿ ಮಾತುಗಳೇ, ಆದರೆ ಎರಡನ್ನೂ ಒಟ್ಟಿಗೆ ಒಪ್ಪಲಾಗದು. ಪ್ಲಾಂಟಿಂಗನೂ ಇದನ್ನು ಬಲ್ಲ. ತನ್ನ ವಾದ ದೇವರನ್ನು ಸಾಧಿಸಿತೆಂದು ಅವನು ಹೇಳಿಕೊಳ್ಳಲಿಲ್ಲ. ದೇವರನ್ನು ಒಪ್ಪುವುದು ವಿವೇಕಕ್ಕೆ ವಿರುದ್ಧವಲ್ಲವೆಂದು ಅದು ತೋರಿಸುತ್ತದೆ ಎಂದಷ್ಟೇ ಹೇಳಿದ.

ಉತ್ತರದ ಕೊನೆಯ ಪ್ಯಾರಾದಲ್ಲಿ ಪರೀಕ್ಷಕರಿಗೆ ಬೇಕಾದುದು ತೀರ್ಪು. ಅದನ್ನು ಹೀಗೆ ಬರೆಯಬಹುದು: ದೆಕಾರ್ತ್‌ನ ರೂಪ ಕಾಂಟ್‌ನ ಮುಂದೆ ನಿಲ್ಲುವುದಿಲ್ಲ. ಅನ್ಸೆಲ್ಮ್‌ನ ಮೊದಲ ರೂಪ ಗೌನಿಲೋನಿಂದ ತಪ್ಪಿಸಿಕೊಂಡರೂ ಅಸ್ತಿತ್ವವನ್ನು ‘ದೊಡ್ಡತನ’ದ ಭಾಗವೆಂದು ಸಾಬೀತು ಮಾಡದೆ ಮುಂದುವರಿಯುತ್ತದೆ. ಸಾಧ್ಯ ಲೋಕಗಳ ರೂಪದಲ್ಲಿ ತರ್ಕದೋಷವಿಲ್ಲ, ಆದರೆ ಸಾಧಿಸಬೇಕಾದುದು ಮೊದಲ ಒಪ್ಪಿಗೆಯಲ್ಲೇ ಅಡಗಿದೆ. ಆದ್ದರಿಂದ ಒಪ್ಪದವನನ್ನು ಒಪ್ಪಿಸುವ ಪ್ರಮಾಣವಾಗಿ ಸತ್ತಾಮೂಲಕ ವಾದ ಸೋಲುತ್ತದೆ. ಸೋತದ್ದು ಒಂದು ವಾದವೇ ಹೊರತು ದೇವರಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಪರಮ ಆಸ್ತಿಕನಾಗಿದ್ದೂ ಅನ್ಸೆಲ್ಮ್‌ನ ದಾರಿಯನ್ನು ತಳ್ಳಿಹಾಕಿ, ಲೋಕದ ಅನುಭವದಿಂದ ಹೊರಡುವ ಬೇರೆ ಐದು ದಾರಿಗಳನ್ನು ಮುಂದಿಟ್ಟ.