ಸಾಲ ತೀರಿತು, ಮನೆ ಪತ್ರ ಎಲ್ಲಿ?

ಇಟಗಿಯಲ್ಲಿ ಕಟ್ಟಿಸಿದ ಮನೆಯ ಸಾಲವನ್ನು ಮಾರ್ಚ್ 5ಕ್ಕೆ ಪೂರ್ತಿ ತೀರಿಸಿದಿರಿ ಅಂದುಕೊಳ್ಳಿ. ‘ಬಾಕಿ ಇಲ್ಲ’ ಅನ್ನೋ ಪತ್ರವೊಂದನ್ನೇ ಹಿಡಿದು ಮನೆಗೆ ಬರಬೇಡಿ. ಸಾಲಕ್ಕೆಂದು ಒಪ್ಪಿಸಿದ್ದ ಮೂಲ ಪತ್ರಗಳ ಪಟ್ಟಿ ಲಗತ್ತಿಸಿ, ಅವನ್ನು ವಾಪಸ್ ಕೇಳಿ ಅರ್ಜಿ ಕೊಡಿ. ನಿಮ್ಮ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ರಿಸರ್ವ್ ಬ್ಯಾಂಕ್ 2023ರಲ್ಲಿ ತಂದ ನಿಯಮದಂತೆ 30 ದಿನದೊಳಗೆ, ಅಂದರೆ ಏಪ್ರಿಲ್ 4ರೊಳಗೆ, ಪತ್ರ ನಿಮಗೆ ಸಿಗಬೇಕು. ಬ್ಯಾಂಕಿನ ತಪ್ಪಿನಿಂದ ಅದು 14ಕ್ಕೆ ಸಿಕ್ಕರೆ, ದಿನಕ್ಕೆ 5,000ದಂತೆ 10 ದಿನಕ್ಕೆ 50,000 ರೂಪಾಯಿ ನಿಮಗೆ ಬರಬೇಕು. ಪತ್ರವನ್ನೇ ಕಳೆದಿದ್ದರೆ ದೃಢೀಕೃತ ನಕಲಿನ ಖರ್ಚು ಬ್ಯಾಂಕಿನದೇ. ಆಗ ಪರಿಹಾರದ ಲೆಕ್ಕ 60 ದಿನದ ನಂತರ ಶುರು.

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನವಾದರೂ ಉತ್ತರ ಬಾರದಿದ್ದರೆ cms.rbi.org.in ಮೂಲಕ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಪತ್ರ ಸಿಕ್ಕಾಗ ಮಾತ್ರ, ಸಹಿ ಹಾಕುವ ಮುಂಚೆ, ಪಟ್ಟಿ ಹಿಡಿದು ಒಂದೊಂದೇ ಹಾಳೆ ತಾಳೆ ನೋಡಿ.