ಅರವತ್ತಾದವರಿಗೆ ಇನ್ನೆಷ್ಟು ವರ್ಷ?

ಭಾರತೀಯರ ಸರಾಸರಿ ಆಯುಸ್ಸು ಎಪ್ಪತ್ತರ ಆಸುಪಾಸು ಎಂದು ಓದಿದ ಅರವತ್ತರ ಹಿರಿಯರು, ‘ಹಾಗಾದರೆ ನನಗೆ ಉಳಿದದ್ದು ಹತ್ತೇ ವರ್ಷ’ ಎಂದು ಲೆಕ್ಕ ಹಾಕುವುದುಂಟು. ಈ ಕಳೆಯುವ ಲೆಕ್ಕ ತಪ್ಪು. ಏಕೆ ತಪ್ಪೆಂಬುದು ಮೂರು ಶತಮಾನ ಹಳೆಯ ಒಂದು ಕೋಷ್ಟಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಯಿಂದ ಒಂದು ಆಯುಷ್ಯ ಕೋಷ್ಟಕ ಸಿದ್ಧಪಡಿಸಿದ. ಆ ಊರು ಈಗ ಪೋಲೆಂಡಿನಲ್ಲಿದೆ. ದಾಖಲೆಯನ್ನು ಕೂಡಿಸಿಟ್ಟವನು ಅಲ್ಲಿನ ಪಾದ್ರಿ ಕ್ಯಾಸ್ಪರ್ ನಾಯ್ಮನ್. ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಬದುಕಿರುತ್ತಾರೆ ಎಂಬುದಷ್ಟೇ ಕೋಷ್ಟಕದ ಹೂರಣ: 60ಕ್ಕೆ 242, 70ಕ್ಕೆ 142, 80ಕ್ಕೆ 41.

ಅರವತ್ತು ತುಂಬಿದ ಆ 242 ಮಂದಿಯನ್ನೇ ಹಿಡಿದು ಮುಂದೆ ಹೋಗೋಣ. 61ನೇ ಹುಟ್ಟುಹಬ್ಬ ಕಂಡವರು 232, 62ನೆಯದನ್ನು ಕಂಡವರು 222. ಪ್ರತಿ ಹುಟ್ಟುಹಬ್ಬ ದಾಟಿದವರು ಒಂದೊಂದು ಪೂರ್ಣ ವರ್ಷ ಬದುಕಿದರೆಂದು ಅರ್ಥ. ಹೀಗೆ 84ರವರೆಗಿನ ಅಂಕಿಗಳನ್ನೆಲ್ಲ ಕೂಡಿ, ಅದಕ್ಕೂ ಮೇಲಿನ ವಯಸ್ಸಿನವರೆಂದು ಹ್ಯಾಲಿ ಒಟ್ಟಾಗಿ ಕೊಟ್ಟಿರುವ 107ನ್ನು ಸೇರಿಸಿದರೆ 2922 ಆಗುತ್ತದೆ. ಅದನ್ನು 242ರಿಂದ ಭಾಗಿಸಿದರೆ 12ಕ್ಕಿಂತ ತುಸು ಹೆಚ್ಚು. ಸಾಯುವ ವರ್ಷದಲ್ಲೂ ಪ್ರತಿಯೊಬ್ಬರು ಸರಾಸರಿ ಅರ್ಧ ವರ್ಷ ಬದುಕಿರುತ್ತಾರಲ್ಲ, ಆ ಅರ್ಧವನ್ನು ಕೂಡಿಸಿದರೆ ಸುಮಾರು 12.6 ವರ್ಷ. ಉಳಿದ ಆಯುಸ್ಸಿನ ಅಂದಾಜು ಇದೇ.

ಅದೇ ಊರಿನಲ್ಲಿ ಹುಟ್ಟಿದ ಮಗುವಿಗೆ ನಿರೀಕ್ಷಿತ ಆಯುಸ್ಸು ಎಷ್ಟಿತ್ತು? ಹ್ಯಾಲಿಯ ಅಂಕಿಗಳಂತೆ ಸುಮಾರು ಇಪ್ಪತ್ತೇಳೂವರೆ ವರ್ಷ. ವರ್ಷಕ್ಕೆ ಹುಟ್ಟುತ್ತಿದ್ದ 1238 ಶಿಶುಗಳಲ್ಲಿ 348 ಮೊದಲ ಹುಟ್ಟುಹಬ್ಬವನ್ನೇ ಕಾಣುತ್ತಿರಲಿಲ್ಲ. ಆ ಸಾವುಗಳೇ ಸರಾಸರಿಯನ್ನು ಕೆಳಗೆಳೆದದ್ದು. ಅರವತ್ತು ಮುಟ್ಟಿದವರು ಆ ಗಂಡಾಂತರಗಳನ್ನೆಲ್ಲ ದಾಟಿ ಬಂದವರು. ಅವರ ಲೆಕ್ಕದಲ್ಲಿ ಶಿಶುಮರಣ ಬರಲೇಬಾರದು. ಇಪ್ಪತ್ತೇಳೂವರೆಯಿಂದ ಅರವತ್ತನ್ನು ಕಳೆಯಲು ಹೊರಟರೆ ಆ ಲೆಕ್ಕದ ಅಸಂಬದ್ಧತೆ ತಾನಾಗಿ ತಿಳಿಯುತ್ತದೆ.

ನಮ್ಮ ದೇಶದ ಮಾದರಿ ನೋಂದಣಿ ವ್ಯವಸ್ಥೆಯ 2014–18ರ ಕೋಷ್ಟಕವೂ ಇದನ್ನೇ ಹೇಳುತ್ತದೆ. ಹುಟ್ಟಿದಾಗ 69.4 ವರ್ಷ, ಆದರೆ ಅರವತ್ತಾದವರಿಗೆ ಇನ್ನೂ ಸುಮಾರು 18 ವರ್ಷ.

ಈ ಅಂದಾಜಿಗೆ ಮಿತಿಗಳಿವೆ. ಬ್ರೆಸ್ಲೌದಲ್ಲಿ ಜನಸಂಖ್ಯೆ ಏರದೆ ಇಳಿಯದೆ ಒಂದೇ ಸಮ ಇದೆಯೆಂದು ಹ್ಯಾಲಿ ಭಾವಿಸಿದ್ದ. ಇಂದಿನ ಕೋಷ್ಟಕಗಳು ಆಯಾ ವಯಸ್ಸಿನ ಮರಣದರವನ್ನು ನೇರವಾಗಿ ಬಳಸುವುದರಿಂದ ಆ ತೊಡಕು ತಪ್ಪಿದೆ. ಆದರೆ ಈಗಿನ ಮರಣದರವೇ ಮುಂದೆಯೂ ಇರುತ್ತದೆಂದು ಅವು ನಂಬುತ್ತವೆ. ಚಿಕಿತ್ಸೆ ಸುಧಾರಿಸಿದರೆ ನಿಜವಾದ ಆಯುಸ್ಸು ಅಂದಾಜನ್ನು ಮೀರುತ್ತದೆ, ಸಾಂಕ್ರಾಮಿಕ ಬಂದರೆ ತಗ್ಗುತ್ತದೆ.

ಇನ್ನೊಂದು ಮಾತು, ಹೆಚ್ಚು ಮುಖ್ಯವಾದದ್ದು. ಸರಾಸರಿ ಎಂಬುದು ಗುಂಪಿನದು, ಒಬ್ಬರದಲ್ಲ. ಬ್ರೆಸ್ಲೌದ ಅರವತ್ತರ ಹಿರಿಯರಲ್ಲಿ ಅರ್ಧದಷ್ಟು ಜನ ಎಪ್ಪತ್ತೆರಡರ ಹೊತ್ತಿಗೆ ತೀರಿಕೊಂಡಿದ್ದರೂ, ಆರರಲ್ಲಿ ಒಬ್ಬರು ಎಂಬತ್ತು ಮುಟ್ಟುತ್ತಿದ್ದರು. ನಿವೃತ್ತಿಯ ಹಣವನ್ನು ಹಂಚಿಕೊಳ್ಳುವಾಗ ಕೋಷ್ಟಕದಲ್ಲಿ ನಿಮ್ಮ ವಯಸ್ಸಿನ ಸಾಲನ್ನೇ ನೋಡಿ, ಮತ್ತು ಅಲ್ಲಿ ಸಿಗುವ ವರ್ಷಗಳಿಗಿಂತ ಸಾಕಷ್ಟು ಹೆಚ್ಚು ಕಾಲಕ್ಕೆ ದುಡ್ಡು ತೆಗೆದಿಡಿ.