ಮೇಲ್ಮನೆಯ ಬಚ್ಚಲು ಅಗೆದ ತಿಂಗಳು

ಬೆಂಗಳೂರಿನ ಹನುಮಂತನಗರದ ಅಡ್ಡರಸ್ತೆಗಳಲ್ಲಿ ಕೆಳಗೆ ಓನರ್, ಮೇಲೆ ಬಾಡಿಗೆಯವರು ಇರುವ ಮನೆಗಳಿಗೆ ಬರವಿಲ್ಲ. ನಮ್ಮ ಎದುರಿಗೂ ಅಂಥದ್ದೊಂದಿದೆ. ಮೇಲೆ ಎರಡು ಬೆಡ್‌ರೂಮು, ಎರಡು ಬಚ್ಚಲು, ಬಾಡಿಗೆ 24,000 ರೂಪಾಯಿ. ಮಳೆಗಾಲ ಹಿಡಿಯುವ ಮುಂಚೆಯೇ ಓನರ್ ಅಡುಗೆಮನೆಯ ತಾರಸಿಯಲ್ಲಿ ಒಂದು ತಟ್ಟೆಯಗಲ ಹಳದಿ ಕಲೆ ಕಾಣಿಸಿಕೊಂಡಿತು. ಸುಣ್ಣ ಉಬ್ಬಿ, ಪದರ ಪದರವಾಗಿ ಒಲೆಯ ಮೇಲೆ ಉದುರತೊಡಗಿತು. ಸರಿಯಾಗಿ ಅದರ ಮೇಲೆ ಇರುವುದು ಬಾಡಿಗೆಯವರ ದೊಡ್ಡ ರೂಮಿಗೆ ಹೊಂದಿಕೊಂಡ ಬಚ್ಚಲು.

ಮೇಸ್ತ್ರಿ ಬಂದು ಕೈಯಿಂದ ಟೈಲ್ಸ್ ತಟ್ಟಿದ. ಕೆಲವು ಕಡೆ ಟಣ್ ಎಂದಿತು, ಮೂಲೆಯಲ್ಲಿ ಮಾತ್ರ ಡಬ್ ಎಂದಿತು. "ಸಂಕನ್‌ನಲ್ಲಿ ನೀರು ನಿಂತಿದೆ ಸಾರ್, ಪೂರ್ತಿ ತೆಗೀಬೇಕು. ಎಂಟು ದಿನ" ಅಂದ. ಮಹಡಿ ಮನೆಗಳ ಬಚ್ಚಲ ಸ್ಲ್ಯಾಬನ್ನು ಪಕ್ಕದ ನೆಲಕ್ಕಿಂತ ಸುಮಾರು ಒಂದಡಿ ತಗ್ಗಿಸಿ ಹಾಕಿರುತ್ತಾರೆ. ಆ ಗುಂಡಿಯಲ್ಲಿ ಪೈಪು ಓಡಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ, ಟೈಲ್ಸ್ ಹಾಸುತ್ತಾರೆ. ಪೈಪಿನ ಒಂದು ಜಾಯಿಂಟು ಸಡಿಲಾದರೂ ಸಾಕು, ನೀರು ಯಾರ ಕಣ್ಣಿಗೂ ಬೀಳದೆ ಆ ಗುಂಡಿಯಲ್ಲಿ ತುಂಬಿ ಕೆಳಗೆ ದಾರಿ ಹುಡುಕುತ್ತದೆ.

ಮೇಲ್ಮನೆಯ ಹೆಣ್ಣುಮಗಳು ಲೆಕ್ಕಪತ್ರದ ಕೆಲಸದವಳು. ಮಷಿನ್ ಬರುವ ಹಿಂದಿನ ಸಂಜೆ ಕೆಳಗಿಳಿದು ಬಂದಳು. ಅವಳು ಕೇಳಿದ ರೀತಿಗಿಂತ ಕೇಳಿದ ಹೊತ್ತು ನನಗೆ ಹಿಡಿಸಿತು. ಕೆಲಸ ಮುಗಿದು ಹೊಸ ಟೈಲ್ಸ್ ಹೊಳೆಯುವಾಗ ಬಾಡಿಗೆ ಕಡಿಮೆ ಮಾಡಿ ಎಂದರೆ, "ಲಕ್ಷ ರೂಪಾಯಿ ಸುರಿದು ಬಚ್ಚಲು ಮಾಡಿಕೊಟ್ಟಿದ್ದೀನಿ" ಎಂಬ ಉತ್ತರ ಓನರ್ ಬಾಯಲ್ಲಿ ಸಿದ್ಧವಾಗಿರುತ್ತದೆ.

"ಅಂಕಲ್, ರಿಪೇರಿಗೆ ನಮ್ಮ ಅಡ್ಡಿಯೇನೂ ಇಲ್ಲ. ಆದರೆ ಮರಳು, ಸಿಮೆಂಟು ಎಲ್ಲ ನಮ್ಮ ರೂಮಿನ ಮೂಲಕವೇ ಹೋಗ್ಬೇಕು. ಆ ರೂಮಲ್ಲಿ ಮಲಗೋಕಾಗಲ್ಲ. ಎಷ್ಟು ದಿನ ಆಗತ್ತೋ ಅಷ್ಟು ದಿನಕ್ಕೆ ಬಾಡಿಗೇಲಿ ಸ್ವಲ್ಪ ಬಿಡಬೇಕಾಗತ್ತೆ."

"ಎಂಟು ದಿನಕ್ಕೆ ಏನಮ್ಮ ಬಿಡೋದು? ಇನ್ನೊಂದು ಬಚ್ಚಲಿದೆಯಲ್ಲ."

"ಎಂಟೇ ದಿನದಲ್ಲಿ ಮುಗಿದ್ರೆ ನಾನೂ ಕೇಳಲ್ಲ ಬಿಡಿ. ಅದಕ್ಕಿಂತ ಮುಂದೆ ಹೋದ್ರೆ ಮೊದಲ ದಿನದಿಂದ ಲೆಕ್ಕ ಹಾಕೋಣ."

ಓನರ್ ತಲೆಯಾಡಿಸಿದರು. ಅವಳು ಮೇಲೆ ಹೋಗಿ ಇದನ್ನೇ ನಾಲ್ಕು ಸಾಲಿನಲ್ಲಿ ವಾಟ್ಸಾಪ್ ಮಾಡಿದಳು. ರೂಮಿನ ಎರಡು ಫೋಟೊ, ಬಚ್ಚಲಿನ ಎರಡು ಫೋಟೊ ಜೊತೆಗಿದ್ದವು. ಓನರ್ ಕಡೆಯಿಂದ ಕೈಮುಗಿದ ಚಿತ್ರವೊಂದು ಬಂತು. ಒಪ್ಪಿಗೆಯೋ ನಮಸ್ಕಾರವೋ ತಿಳಿಯದ್ದಕ್ಕೆ "ಸರಿ ಅಂತಾನಾ ಅಂಕಲ್?" ಎಂದು ಮತ್ತೆ ಕೇಳಿ, "ಸರಿ" ಬಂದ ಮೇಲೆಯೇ ಫೋನ್ ಕೆಳಗಿಟ್ಟಳು.

ಜೂನ್ 4ರಂದು ಅಗೆತ ಶುರುವಾಯಿತು. ಮಂಚ ಹಾಲಿಗೆ ಬಂತು, ಬೀರುವಿಗೆ ಹಳೆ ಸೀರೆ ಹೊದಿಸಿದರು. ಬ್ರೇಕರ್ ಮಷಿನ್‌ನ ವೈರು ಬಾಡಿಗೆಯವರ ಪ್ಲಗ್ಗಿನಲ್ಲೇ. ಎರಡು ದಿನ ಒದ್ದೆ ಇಟ್ಟಿಗೆ ಚೂರನ್ನು ಚೀಲಕ್ಕೆ ತುಂಬಿ ಮೆಟ್ಟಿಲಿಳಿಸಿದರು. ಆಮೇಲೆ ಪ್ಲಂಬರ್ ಬರಬೇಕು. ಅವನು ಬರಲು ನಾಲ್ಕು ದಿನ. ಜಾಯಿಂಟು ಬದಲಾಯಿತು, ಗುಂಡಿ ಒಣಗಬೇಕು, ಮೇಲೆ ಮಳೆ. ನೀರು ತಡೆಯುವ ಲೇಪನ ಒಂದು ಕೋಟು, ಅದು ಆರಿದ ಮೇಲೆ ಇನ್ನೊಂದು.

ಇಷ್ಟಾದ ಮೇಲೆ ಬರುವ ಹಂತವನ್ನು ಅವಸರದ ಮೇಸ್ತ್ರಿಗಳು ಹಾರಿಸಿಬಿಡುತ್ತಾರೆ. ಖಾಲಿ ಗುಂಡಿಯ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಗೇಣುದ್ದ ನೀರು ಕಟ್ಟಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಬಿಡಬೇಕು. ಗೆರೆಗಿಂತ ಒಂದೆಳೆ ಇಳಿದರೆ ಆವಿಯಾಯಿತು ಅನ್ನಬಹುದು. ಎರಡು ಬೆರಳು ಇಳಿದರೆ ಎಲ್ಲೋ ಸೋರುತ್ತಿದೆ. ಇಲ್ಲಿ ಇಳಿದೇಬಿಟ್ಟಿತು. ಗೋಡೆ ಮತ್ತು ಸ್ಲ್ಯಾಬು ಸೇರುವ ಮೂಲೆಗೆ ಮತ್ತೆ ಲೇಪನ, ಮತ್ತೆ ಎರಡು ದಿನ ನೀರು. ಎಂಟು ದಿನ ಎಂಬ ಮಾತು ಅಲ್ಲಿಗೆ ಮುಗಿಯಿತು. ಮೇಲ್ಮನೆಯವಳು ಬೇಸರಿಸಲಿಲ್ಲ. ತಾರೀಕು ಹಾಕಿ, ಗೆರೆಯ ಫೋಟೊ ತೆಗೆದಳು.

ಹಳೆ ಅಂಚಿಗೆ ಹೊಂದುವ ಟೈಲ್ಸ್ ಹುಡುಕುವುದರಲ್ಲಿ ಇನ್ನೊಂದಿಷ್ಟು ದಿನ ಹೋಯಿತು. ಜೂನ್ 23ರ ಹೊತ್ತಿಗೆ ಧೂಳಿನ ಕೆಲಸ ಮುಗಿದು ಮಾರನೆಯ ದಿನ ಮಂಚ ರೂಮಿಗೆ ಮರಳಿತು. ಬಚ್ಚಲಿನ ಬಳಕೆ ಜುಲೈ 1ಕ್ಕೆ.

ಎಷ್ಟು ಬಿಡಬೇಕು ಎನ್ನುವುದಕ್ಕೆ ನಮ್ಮಲ್ಲಿ ಅಚ್ಚಾದ ಕೋಷ್ಟಕ ಯಾವುದೂ ಇಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಅಂದರೆ ಈಗಿನ ಬಹುಪಾಲು ಮನೆಗಳು ಅದರಾಚೆಗೆ. ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಓನರ್ ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಅದರ 108ನೇ ಕಲಮು ಹೇಳುತ್ತದೆ. ಆದರೆ ಓನರ್ ರಿಪೇರಿ ಮಾಡಿಸುತ್ತಲೇ ಇದ್ದಾರೆ, ಕೆಲಸ ಎಳೆಯುತ್ತಿದೆ, ರೂಮು ಸಿಗುತ್ತಿಲ್ಲ ಎಂಬ ಸಂಕಟಕ್ಕೆ ದಿನಕ್ಕಿಷ್ಟು ಎಂಬ ದರವನ್ನು ಅದು ಕೊಡುವುದಿಲ್ಲ. ಮಾತು, ಬರೆದಿಟ್ಟ ಒಪ್ಪಿಗೆ ಇವೆರಡೇ ಆಧಾರ. ಅದಕ್ಕೇ ತಾನೇ ಕೈಯಾರೆ ಕಡಿಮೆ ಮಾಡಿ ಹಣ ಹಾಕುವುದು ಜಾಣತನವಲ್ಲ. ಆ ವ್ಯತ್ಯಾಸ ಮನೆ ಬಿಡುವ ದಿನ 'ಬಾಕಿ' ಎಂಬ ಹೆಸರಿನಲ್ಲಿ ಅಡ್ವಾನ್ಸಿನಿಂದ ಹಾರಿಹೋಗುತ್ತದೆ.

ಚದರಡಿ ಲೆಕ್ಕವೂ ಮೋಸದ್ದೇ. ಒಂಬೈನೂರು ಅಡಿ ಮನೆಯಲ್ಲಿ ಬಚ್ಚಲು ಮೂವತ್ತಾರು ಅಡಿ, ನೂರಕ್ಕೆ ನಾಲ್ಕು ಪಾಲು. ಅಂದರೆ ದಿನಕ್ಕೆ 32 ರೂಪಾಯಿ. ಬೆಳಿಗ್ಗೆ ಏಳಕ್ಕೆ ನಾಲ್ಕು ಜನ ಒಂದೇ ಬಾಗಿಲ ಮುಂದೆ ಟವೆಲ್ ಹಿಡಿದು ನಿಂತವರಿಗೆ ಆ ಬೆಲೆ ಹೇಳಿ ನೋಡಿ!

ಅವಳ ಚೀಟಿ ಬೇರೆ ಥರ ಇತ್ತು. 24,000ವನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 800. ಇನ್ನೊಂದು ಬಚ್ಚಲು ಇರುವುದರಿಂದ ಕಳೆದುಕೊಂಡದ್ದಕ್ಕೆ ಹತ್ತನೇ ಒಂದು ಪಾಲು, 80 ರೂಪಾಯಿ. ರೂಮಿಗೆ ಐದನೇ ಒಂದು ಪಾಲು, 160. ಬಚ್ಚಲು ಇಲ್ಲದ್ದು 27 ದಿನ, 2,160. ರೂಮು ಇಲ್ಲದ್ದು 20 ದಿನ, 3,200. ಒಟ್ಟು 5,360. ಇರುವುದೇ ಒಂದು ಬಚ್ಚಲಾಗಿದ್ದರೆ ಈ ಹತ್ತನೇ ಪಾಲು ನಡೆಯುತ್ತಿರಲಿಲ್ಲ. ಆಗ ಬೇರೆ ಕಡೆ ವಸತಿಯ ಮಾತೇ ಬರಬೇಕು.

ಓನರ್ ಕನ್ನಡಕ ಏರಿಸಿ ಓದಿದರು. "ಯಾವ ರಿಪೇರಿಯಾದ್ರೂ ಮೂರು ದಿನ ಎಲ್ಲರೂ ಸಹಿಸ್ಕೋಬೇಕಮ್ಮ. ಅದನ್ನ ಕಳಿ."

ಕಳೆದರೆ 4,640 ಬಂತು.

"ಮೊದಲ ದಿನದಿಂದ ಅಂತ ಮಾತಾಗಿತ್ತಲ್ಲ ಅಂಕಲ್. ಮಷಿನ್ ಓಡಿದ ಕರೆಂಟನ್ನ ನಾನು ಇದರಲ್ಲಿ ಬರ್ದೇ ಇಲ್ಲ."

ಒಳಗಿನಿಂದ ಆಂಟಿಯ ದನಿ ಬಂತು: "ಐದು ಸಾವಿರ ಮಾಡ್ಕೊಳ್ಳಿ ಅತ್ಲಾಗೆ, ಕಾಫಿ ಆರ್ತಿದೆ." ಎರಡು ಅಂಕಿಗೂ ಅದು ಸರಿಯಾಗಿ ನಟ್ಟನಡುವೆ.

ಓನರ್‌ಗೆ ಇನ್ನೊಂದು ಅಳುಕಿತ್ತು. ಈ 19,000ವೇ ಮುಂದಿನ ಬಾಡಿಗೆ ಆಗಿಬಿಟ್ಟರೆ? ವರ್ಷಕ್ಕೆ ಐದು ಪರ್ಸೆಂಟು ಏರಿಕೆ ಯಾವುದರ ಮೇಲೆ? ಅವಳೇ ಬರೆದುಕೊಟ್ಟಳು: "ಜೂನ್ ತಿಂಗಳಿಗೆ ಮಾತ್ರ 5,000 ರಿಯಾಯಿತಿ. ಮೂಲ ಬಾಡಿಗೆ 24,000 ಹಾಗೇ ಇದೆ." ಆಫೀಸಿಗೆ ಕೊಡುವ ಜೂನ್ ರಸೀದಿಯಲ್ಲಿ ಕೊಟ್ಟಷ್ಟೇ, 19,000 ಎಂದೇ ಬರೆಸಿಕೊಂಡಳು.

ಹನ್ನೊಂದು ತಿಂಗಳ ಕರಾರು ನವೀಕರಿಸುವಾಗ ಟೈಪಿಸ್ಟ್ ಮುಂದೆ ಅವಳು ಒಂದು ಸಾಲು ಸೇರಿಸಲು ಹೇಳಿದಳು: ಏಳು ದಿನ ಮೀರಿದ ರಿಪೇರಿಯಲ್ಲಿ ಬಳಕೆಗೆ ಸಿಗದ ಭಾಗಕ್ಕೆ ದಿನಲೆಕ್ಕದಲ್ಲಿ ರಿಯಾಯಿತಿ. ಓನರ್ ಅದನ್ನು ಎರಡು ಸಲ ಓದಿ, ಕೊನೆಗೆ ತಮ್ಮದೊಂದು ಸಾಲು ಹೊಡೆಸಿದರು: "ಬಾಡಿಗೆದಾರರ ತಪ್ಪಿನಿಂದಾದ ಹಾನಿಗೆ ಇದು ಅನ್ವಯಿಸುವುದಿಲ್ಲ." ಅದೂ ನ್ಯಾಯವೇ ಎಂದು ಅವಳು ಸಹಿ ಹಾಕಿದಳು.